ಅಂತರ ಮೊದಲು, ಎಣಿಕೆ ಆಮೇಲೆ

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಬಂಟ್ವಾಳ ತಾಲೂಕಿನ ಒಂದು ಪದವಿಪೂರ್ವ ಕಾಲೇಜು. ಬೆಳ್ತಂಗಡಿ, ಮೂಡುಬಿದಿರೆ ಕಡೆಯಿಂದ ಬಸ್ಸಿನಲ್ಲಿ ಬರುವ ಮಕ್ಕಳೂ ಆ ತರಗತಿಯಲ್ಲಿದ್ದರು. ಪ್ರಥಮ ಪಿಯುಸಿ ಜೀವಶಾಸ್ತ್ರದ ರಕ್ತಪರಿಚಲನೆಯ ಪಾಠದಲ್ಲಿ ಇಸಿಜಿಯ ಚಿತ್ರವಿದೆ. ಆದರೆ ಅದರಲ್ಲಿರುವುದು ಒಂದೇ ಬಡಿತ. ಪಿ, ಕ್ಯೂಆರ್‌ಎಸ್, ಟಿ ಎಂದು ಹೆಸರಿಸಿದರೆ ಪಾಠ ಮುಗಿಯಿತು. ಹೃದಯದ ಲಯ ತಪ್ಪಿದೆಯೇ ಎಂದು ಒಂದು ಬಡಿತ ನೋಡಿ ಹೇಳಲಾಗುವುದಿಲ್ಲ. ಅದಕ್ಕೆ ಸಾಲು ಬಡಿತಗಳ ಪಟ್ಟಿ ಬೇಕು.

ನಮ್ಮ ಜಿಲ್ಲೆಯ ಮಕ್ಕಳಿಗೆ ಇಸಿಜಿ ಕಾಗದ ತೀರಾ ಅಪರಿಚಿತವಲ್ಲ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಆರಂಭಿಸಿದ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಯೋಜನೆಯಿಂದ ಹಳ್ಳಿಯ ಚಿಕಿತ್ಸಾಲಯಗಳಿಗೂ ಯಂತ್ರ ಬಂದಿದೆ. ಅಲ್ಲಿಯ ವೈದ್ಯರು ಇಸಿಜಿಯ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ತಜ್ಞರಿಗೆ ಕಳಿಸುತ್ತಾರೆ. ಆ ಚಿತ್ರದಲ್ಲಿ ತಜ್ಞರು ಏನನ್ನು ಮೊದಲು ನೋಡುತ್ತಾರೆ ಎಂಬ ಪ್ರಶ್ನೆಯಿಂದಲೇ ಪಾಠ ಆರಂಭಿಸಿದೆ.

ಪಟ್ಟಿಗಳನ್ನು ಗ್ರಾಫ್ ಹಾಳೆಯ ಮೇಲೆ ನಾನೇ ಬರೆದಿದ್ದೆ. ಇಸಿಜಿ ಕಾಗದ ಸಾಮಾನ್ಯವಾಗಿ ಸೆಕೆಂಡಿಗೆ 25 ಮಿ.ಮೀ. ಓಡುತ್ತದೆ. ಆದ್ದರಿಂದ 1 ಮಿ.ಮೀ.ನ ಚಿಕ್ಕ ಚೌಕ 0.04 ಸೆಕೆಂಡು, ಐದು ಚಿಕ್ಕ ಚೌಕ ಸೇರಿದ ದೊಡ್ಡ ಚೌಕ 0.2 ಸೆಕೆಂಡು. ಒಂದು ನಿಮಿಷಕ್ಕೆ 1500 ಚಿಕ್ಕ ಚೌಕಗಳು. ಎರಡು ಆರ್ ಶಿಖರಗಳ ನಡುವಿನ ಚಿಕ್ಕ ಚೌಕಗಳಿಂದ 1500ನ್ನು ಭಾಗಿಸಿದರೆ ಬಡಿತದ ದರ ಸಿಗುತ್ತದೆ. ಲೆಕ್ಕ ಸುಲಭವೆಂದು ನನ್ನ ಪಾಠಯೋಜನೆಯಲ್ಲಿ ಇದನ್ನೇ ಮೊದಲ ಹಂತವಾಗಿ ಇಟ್ಟಿದ್ದೆ. ತಪ್ಪಿದ್ದು ಅಲ್ಲೇ.

ಎರಡನೆಯ ಪಟ್ಟಿ ಕೊಟ್ಟಾಗ ಒಂದು ಗುಂಪು “150 ಮೇಡಂ” ಎಂದಿತು. ಇನ್ನೊಂದು “ನಮಗೆ 79 ಬಂತು” ಎಂದಿತು. ಹಿಂದಿನ ಬೆಂಚಿನಿಂದ “100” ಎಂಬ ಉತ್ತರವೂ ಬಂತು. ಯಾರ ಭಾಗಾಕಾರವೂ ತಪ್ಪಿರಲಿಲ್ಲ. ಆ ಪಟ್ಟಿಯಲ್ಲಿ ಆರ್ ಶಿಖರಗಳ ನಡುವಿನ ಅಂತರ ಚಿಕ್ಕ ಚೌಕಗಳಲ್ಲಿ ಹೀಗಿತ್ತು: 14, 10, 19, 12, 16, 11, 13, 17, 12, 15. ಒಬ್ಬರು 10ನ್ನು ಹಿಡಿದರು, ಒಬ್ಬರು 19ನ್ನು, ಮತ್ತೊಬ್ಬರು 15ನ್ನು. “ಹಾಗಾದರೆ ಯಾವುದು ಸರಿ ಮೇಡಂ?” ಎಂದು ಒಬ್ಬಳು ಕೇಳಿದಾಗ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಅವಧಿ ಅಲ್ಲಿಗೇ ಮುಗಿಯಿತು.

ಆ ಸಂಜೆ ನನ್ನ ಮಾರ್ಗದರ್ಶಕರು, “ಅಂತರ ಸಮವಾಗಿದ್ದರೆ ಮಾತ್ರ ನಿನ್ನ ಸೂತ್ರ ನಡೆಯುತ್ತದೆ. ಆ ಪ್ರಶ್ನೆಯನ್ನು ಮೊದಲು ಕೇಳಿಸಿದೆಯಾ?” ಎಂದರು. ಮರುದಿನ ಕ್ರಮ ಬದಲಿಸಿದೆ. ಮಕ್ಕಳು ಒಂದು ಚೀಟಿಯ ಅಂಚನ್ನು ಪಟ್ಟಿಯ ಮೇಲಿಟ್ಟು ಮೂರು ಆರ್ ಶಿಖರಗಳಿಗೆ ಗುರುತು ಹಾಕಿದರು. ಚೀಟಿಯನ್ನು ಮುಂದೆ ಸರಿಸಿ ಗುರುತುಗಳು ಕೂಡುತ್ತವೆಯೇ ಎಂದು ನೋಡಿದರು. ಕೂಡಿದರೆ 1500ರ ಸೂತ್ರ. ಕೂಡದಿದ್ದರೆ 30 ದೊಡ್ಡ ಚೌಕಗಳಲ್ಲಿ, ಅಂದರೆ 6 ಸೆಕೆಂಡುಗಳಲ್ಲಿ, ಇರುವ ಶಿಖರಗಳನ್ನು ಎಣಿಸಿ 10ರಿಂದ ಗುಣಿಸುವುದು. ಹಿಂದಿನ ದಿನದ ಪಟ್ಟಿಯಲ್ಲಿ 11 ಶಿಖರಗಳಿದ್ದವು. ಎಲ್ಲ ಗುಂಪುಗಳಿಗೂ 110 ಎಂದೇ ಬಂತು.

ಮೂರನೆಯ ಹಂತದಲ್ಲಿ ಪ್ರತಿ ಕ್ಯೂಆರ್‌ಎಸ್ ಮುಂದೆ ಒಂದು ಪಿ ತರಂಗ ಇದೆಯೇ ಎಂದು ಹುಡುಕಿದೆವು. ಎಲ್ಲೂ ಇರಲಿಲ್ಲ, ತಳಗೆರೆ ಸಣ್ಣಗೆ ನಡುಗುತ್ತಿತ್ತು. ಪಿ ಇಲ್ಲದ ಕಾರಣ ನಾಲ್ಕನೆಯ ಹಂತವಾದ ಪಿಆರ್ ಅಂತರ ಅಳೆಯುವಂತಿರಲಿಲ್ಲ. ಇದ್ದಿದ್ದರೆ ಅದು 3ರಿಂದ 5 ಚಿಕ್ಕ ಚೌಕಗಳೊಳಗೆ ಇರಬೇಕಿತ್ತು. ಐದನೆಯದಾಗಿ, ಕ್ಯೂಆರ್‌ಎಸ್ ಎರಡೇ ಚೌಕ ಅಗಲವಿತ್ತು. ಮೂರಕ್ಕಿಂತ ಕಡಿಮೆ ಇರುವುದು ಸಹಜ. ಅಂದರೆ ಹೃತ್ಕುಕ್ಷಿಗೆ ಸಂಕೇತ ಮಾಮೂಲಿ ದಾರಿಯಲ್ಲೇ ಬರುತ್ತಿದೆ, ಗೊಂದಲವಿರುವುದು ಹೃತ್ಕರ್ಣದಲ್ಲಿ. ಇದು ಏಟ್ರಿಯಲ್ ಫಿಬ್ರಿಲೇಶನ್. ಹೃತ್ಕರ್ಣ ಸಂಕುಚಿಸದೆ ನಡುಗುವುದರಿಂದ ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು, ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು ಬರಬಹುದು.

ಮುಂದಿನ ಪಟ್ಟಿಯ ಅಂತರಗಳು 17, 18, 20, 22, 21, 19, 17. ಗುರುತು ಕೂಡದ ಕೂಡಲೇ ಒಂದು ಗುಂಪು “ಇದೂ ಫಿಬ್ರಿಲೇಶನ್” ಎಂದು ಬರೆದುಬಿಟ್ಟಿತು. ಮೊದಲ ಹಂತದಲ್ಲೇ ನಿಂತರೆ ಆಗುವ ತಪ್ಪು ಇದು. ಇಲ್ಲಿ ಪ್ರತಿ ಬಡಿತದ ಮುಂದೆಯೂ ಒಂದೇ ಆಕಾರದ ಪಿ ಇದೆ. ಅಂತರ ಮೆಲ್ಲಗೆ ಹಿಗ್ಗಿ ಮೆಲ್ಲಗೆ ಕುಗ್ಗುತ್ತದೆ. ಕೈನಾಡಿ ಹಿಡಿದು ದೀರ್ಘವಾಗಿ ಉಸಿರಾಡಲು ಹೇಳಿದೆ. ಉಸಿರು ಒಳಗೆಳೆದಾಗ ನಾಡಿ ಚುರುಕಾಗುವುದು, ಬಿಟ್ಟಾಗ ನಿಧಾನವಾಗುವುದು ಹಲವರ ಬೆರಳಿಗೆ ತಾಗಿತು. ಹದಿಹರೆಯದವರಲ್ಲಿ ಇದು ಸಹಜವೇ; ರೋಗವಲ್ಲ.

ಕೊನೆಗೆ ಒಬ್ಬ, “ಲಯ ಸರಿ ಇದ್ದರೆ ಹೃದಯಾಘಾತ ಇಲ್ಲ ಅಂತಲಾ ಮೇಡಂ?” ಎಂದು ಕೇಳಿದ. ಅಲ್ಲ ಎಂದೆ. ಒಂದು ಸಾಲಿನ ಪಟ್ಟಿ ಲಯವನ್ನಷ್ಟೇ ಹೇಳುತ್ತದೆ. ಆಘಾತ ತಿಳಿಯಲು 12 ಲೀಡ್‌ಗಳ ಇಸಿಜಿ ಬೇಕು, ಅದೂ ಕೆಲವೊಮ್ಮೆ ಆರಂಭದಲ್ಲಿ ಸಹಜವಾಗಿಯೇ ಕಾಣಬಹುದು. ಎದೆನೋವು ಬಂದವರನ್ನು ಪಟ್ಟಿ ನೋಡಿ ಮನೆಯಲ್ಲಿ ಕೂರಿಸಬಾರದು.

ಈ ಘಟಕವನ್ನು ಇನ್ನೊಮ್ಮೆ ಮಾಡುವಾಗ ಅಂತರ ತಪ್ಪಿದ ಈ ಎರಡು ಪಟ್ಟಿಗಳನ್ನೇ ಅಕ್ಕಪಕ್ಕ ಇಟ್ಟು ಪಾಠ ಶುರುಮಾಡಬೇಕೆಂದಿದ್ದೇನೆ. ಸೂತ್ರ ಆಮೇಲೆ ಬಂದರೂ ಆಗುತ್ತದೆ.