ದಶಾಂಶದ ಅರ್ಧ ಗಳಿಗೆ

ಉದ್ಯೋಗದ ಪ್ರಶ್ನೆ ಬಂದಾಗ ನಮ್ಮ ಗಡಿಸೀಮೆಯ ಹಿರಿಯರು ಜನ್ಮಕುಂಡಲಿಯೊಂದನ್ನೇ ನೋಡಿ ಮಾತು ಮುಗಿಸುತ್ತಿರಲಿಲ್ಲ. ಪಕ್ಕದಲ್ಲಿ ದಶಾಂಶ ಕುಂಡಲಿಯನ್ನೂ ಬರೆದುಕೊಳ್ಳುತ್ತಿದ್ದರು. ನಾವೂ ಅದೇ ಪದ್ಧತಿಯಲ್ಲಿ ಬೆಳೆದವರು. ಮೂವತ್ತು ಅಂಶಗಳ ರಾಶಿಯನ್ನು ಮೂರು ಮೂರು ಅಂಶಗಳ ಹತ್ತು ಭಾಗ ಮಾಡುವುದೇ ದಶಾಂಶ. ಬೆಸ ರಾಶಿಯಲ್ಲಿ ಎಣಿಕೆ ಅದೇ ರಾಶಿಯಿಂದ ತೊಡಗುತ್ತದೆ. ಸಮ ರಾಶಿಯಲ್ಲಿ ಅದರ ಒಂಬತ್ತನೆಯ ರಾಶಿಯಿಂದ. ಮೇಷದ ಮೊದಲ ಭಾಗ ಮೇಷಕ್ಕೇ ಸಲ್ಲುತ್ತದೆ, ವೃಷಭದ ಮೊದಲ ಭಾಗ ಮಕರಕ್ಕೆ. ಜನ್ಮಕುಂಡಲಿ ಕೊಡದ ಫಲವನ್ನು ದಶಾಂಶವು ಹೊಸದಾಗಿ ಕೊಡುವುದಿಲ್ಲ. ಕೊಟ್ಟದ್ದು ಯಾವ ರೂಪ ತಾಳುವುದೆಂಬುದನ್ನು ತೋರಿಸುತ್ತದೆ ಎಂಬುದು ಸಂಪ್ರದಾಯ.

ನಡುವಯಸ್ಸಿನ ಶಿಕ್ಷಕರೊಬ್ಬರು ಕೆಲಸ ಬಿಟ್ಟು ವ್ಯಾಪಾರಕ್ಕಿಳಿಯಬಹುದೇ ಎಂದು ಕೇಳಲು ತಮ್ಮ ಜಾತಕ ತಂದಿದ್ದರು. ಮೇಷ ಲಗ್ನ, ಹತ್ತನೆಯ ಮನೆ ಮಕರ, ಅದರ ಅಧಿಪತಿ ಶನಿ. ಆ ಶನಿ ಏಳನೆಯ ಮನೆಯಾದ ತುಲೆಯ 16ನೆಯ ಅಂಶದಲ್ಲಿ ಉಚ್ಚನಾಗಿದ್ದ. ಜನರೊಡನೆ ವ್ಯವಹರಿಸುವ ಸ್ಥಿರವಾದ ಜೀವನೋಪಾಯವೆಂದು ಇದನ್ನು ಓದುತ್ತೇವೆ. 16ನೆಯ ಅಂಶವೆಂದರೆ ಆರನೆಯ ಭಾಗ. ತುಲೆ ಬೆಸ ರಾಶಿಯಾದ್ದರಿಂದ ಅಲ್ಲಿಂದಲೇ ಎಣಿಸಿದರೆ ದಶಾಂಶದಲ್ಲಿ ಶನಿ ಮೀನಕ್ಕೆ, ಅಂದರೆ ಗುರುವಿನ ಮನೆಗೆ ಬರುತ್ತಾನೆ. ಬೋಧನೆ, ಸಲಹೆ, ನ್ಯಾಯ ಇವುಗಳ ಛಾಯೆ ಅಲ್ಲಿಯದು.

ತೊಡಕಿದ್ದುದು ದಶಾಂಶದ ಲಗ್ನದಲ್ಲಿ. ಲಗ್ನವು ಸರಾಸರಿ 12 ನಿಮಿಷಕ್ಕೆ, ಅಂದರೆ ಅರ್ಧ ಗಳಿಗೆಗೆ, ಮೂರು ಅಂಶ ಸರಿಯುತ್ತದೆ. ಇವರ ಜಾತಕದಲ್ಲಿ ಜನನಕಾಲವನ್ನು ಪೂರ್ಣ ಗಳಿಗೆಗಳಲ್ಲಷ್ಟೇ ಬರೆದಿತ್ತು. ಗಣಿಸಿದಾಗ ಲಗ್ನ ಮೇಷದ ಹನ್ನೊಂದೂವರೆ ಅಂಶಕ್ಕೆ ಬಂದಿತು. ಅರ್ಧ ಗಳಿಗೆ ಹಿಂದಾದರೆ ದಶಾಂಶ ಲಗ್ನ ಮಿಥುನ, ಬರೆದಂತೆಯೇ ಆದರೆ ಕರ್ಕ, ತುಸು ಮುಂದಾದರೆ ಸಿಂಹ. ಮೂರರಲ್ಲೂ ಜನ್ಮಲಗ್ನ ಮೇಷವೇ. ಆದರೆ ಮೀನದ ಶನಿ ಕ್ರಮವಾಗಿ ಹತ್ತನೆಯ, ಒಂಬತ್ತನೆಯ, ಎಂಟನೆಯ ಮನೆಯವನಾಗುತ್ತಾನೆ. ಹತ್ತು ಅಧಿಕಾರಕ್ಕೆ, ಒಂಬತ್ತು ಭಾಗ್ಯಕ್ಕೆ, ಎಂಟು ಉದ್ಯೋಗಭಂಗಕ್ಕೆ. ಒಂದು ಗಳಿಗೆಯೊಳಗೆ ಉತ್ತರ ತಿರುವುಮುರುವು!

ಇಂಥಲ್ಲಿ ಬಾಳಿನ ಘಟನೆಗಳಿಂದ ಲಗ್ನವನ್ನು ಶೋಧಿಸುವ ರೂಢಿಯುಂಟು. ಇವರದು ಒಂದೇ ಶಾಲೆಯಲ್ಲಿ ಹದಿನೆಂಟು ವರ್ಷಗಳ ಅಖಂಡ ಸೇವೆ. ಆದುದರಿಂದ ಸಿಂಹ ಲಗ್ನವನ್ನು ಬದಿಗಿಟ್ಟೆವು. ಮಿಥುನ, ಕರ್ಕಗಳ ನಡುವೆ ನಿರ್ಣಯವಾಗಲಿಲ್ಲ. ಒಂದು ಎಚ್ಚರ ಇಲ್ಲಿ ಅವಶ್ಯ: ಲಗ್ನವನ್ನು ಗೊತ್ತುಮಾಡಲು ಬಳಸಿದ ಘಟನೆಯನ್ನೇ ಮತ್ತೆ ಎತ್ತಿ ತೋರಿಸಿ, ಜಾತಕ ನಿಜವಾಯಿತೆನ್ನುವುದು ಸಲ್ಲದು. ಅದು ನಾವೇ ಇಟ್ಟ ಗಂಟನ್ನು ನಾವೇ ಹುಡುಕಿ ತೆಗೆದಂತೆ.

ಗ್ರಹಗಳ ಸ್ಥಾನ ಮಾತ್ರ ಅಷ್ಟು ಚಂಚಲವಲ್ಲ. ಮೂರು ಅಂಶ ದಾಟಲು ರವಿಗೆ ಸುಮಾರು ಮೂರು ದಿನ ಬೇಕು. ಶೀಘ್ರಗತಿಯ ಚಂದ್ರನಿಗೂ ಐದೂವರೆ ಗಂಟೆ ಹಿಡಿಯುತ್ತದೆ. ಆದ್ದರಿಂದ ಕಾಲ ಸಂದಿಗ್ಧವಾಗಿರುವಾಗ ದಶಾಂಶದ ಮನೆಗಳನ್ನು ಬಿಟ್ಟು, ದಶಮಾಧಿಪತಿ ಯಾವ ರಾಶಿಗೆ ಸೇರಿದನೆಂಬುದನ್ನಷ್ಟೇ ಹಿಡಿಯುವುದು ಲೇಸು. ಶಿಕ್ಷಕರಿಗೆ ನಾವು ಹೇಳಿದ್ದೂ ಅಷ್ಟೇ: ಕಲಿಸುವ, ತಿಳಿಹೇಳುವ ಕೆಲಸ ನಿಮಗೆ ಒಗ್ಗುವುದೆಂದು ಎರಡೂ ಕುಂಡಲಿಗಳು ಕೂಡಿ ಹೇಳುತ್ತವೆ, ರಾಜೀನಾಮೆ ಕೊಡಬೇಕೋ ಬೇಡವೋ ಎಂಬುದನ್ನು ಈ ಗಳಿಗೆಯ ಲೆಕ್ಕದ ಮೇಲೆ ಹೇಳಲಾಗದು. ಅವರು ಜಾತಕವನ್ನು ಮಡಚಿಕೊಂಡು, ಹಾಗಾದರೆ ಮನೆಯ ಲೆಕ್ಕವನ್ನೇ ನೋಡುವೆನೆಂದು ಎದ್ದರು.