ಹೊಸಹಳ್ಳಿಯ ಹಳೇ ಊರು

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅನುವಾದದ ಕೆಲಸವೊಂದರ ಮೇಲೆ ಆಲುವದಿಂದ ತಿರುವನಂತಪುರಕ್ಕೆ ರೈಲು ಹತ್ತಿದ್ದೆ. ಕಳಮಶ್ಶೇರಿ ದಾಟುವಷ್ಟರಲ್ಲಿ ಸೋದರಮಾವನ ಫೋನು ಬಂತು.

"ಪುಟ್ಟಿ, ನೀನು ಭಾಷೆ ಓದಿದೋಳು. ಒಂದು ಅರ್ಜಿ ಬರ್ಕೊಡಬೇಕು."

ಊರಿನ ಹೆಸರು ಬದಲಾಯಿಸುವ ಅರ್ಜಿ. ತುಮಕೂರು ಕಡೆಯ ನನ್ನ ಅಮ್ಮನ ತವರಿನ ಹೆಸರು ಹೊಸಹಳ್ಳಿ. ನಮ್ಮ ಕಡೆ ತಾಲ್ಲೂಕಿಗೊಂದು ಹೊಸಹಳ್ಳಿ ಇರುವುದರಿಂದ ಕೊರಿಯರ್ ಎಲ್ಲೆಲ್ಲೋ ಹೋಗುತ್ತದೆ ಎನ್ನುವುದು ಮಾವ ಕೊಟ್ಟ ಮೊದಲ ಕಾರಣ. ನಿಜವಾದ ಕಾರಣ ಆಮೇಲೆ ಬಂತು. "ಹುಡುಗರಿಗೆ ಹೆಣ್ಣು ಕೇಳೋಕೆ ಹೋದ್ರೆ, ಓ ಹಳ್ಳೀನಾ ಅಂತಾರೆ. ಹನುಮಂತಪುರ ಅಂತ ಮಾಡಿದ್ರೆ ಒಂದು ಗತ್ತು ಇರುತ್ತೆ. ಹೆಸರು ಚೆನ್ನಾಗಿದೆ ಅಂತ ನೀನು ಎರಡು ಸಾಲು ಬರಿ."

ಆಗಲಿ ಮಾವ ಎಂದು ಫೋನಿಟ್ಟೆ. ಬರೆಯಲು ಮನಸ್ಸಿರಲಿಲ್ಲ. ಬೇಡವೆನ್ನಲು ಕಾರಣವನ್ನೂ ಹುಡುಕಿಕೊಂಡಿರಲಿಲ್ಲ. ಕಿಟಕಿಯಾಚೆ ನಿಲ್ದಾಣಗಳ ಬೋರ್ಡುಗಳು ಹೋಗುತ್ತಿದ್ದವು.

ಎಡಪ್ಪಳ್ಳಿ ಬಂತು. ಮಾವ ನಾಚಿಕೆಪಡುವ ಹಳ್ಳಿಯೇ ಇದು. ಕನ್ನಡದಲ್ಲಿ ಪದದ ಮೊದಲಿನ ಪಕಾರ ಕಾಲಕ್ರಮದಲ್ಲಿ ಹಕಾರವಾಯಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು. ಮಲಯಾಳದಲ್ಲಿ ಇಂದಿಗೂ ಪಾಲ್, ಪುಲಿ, ಪಳ್ಳಿ. ಆದರೆ ಅರ್ಥ ಬೇರೆ ದಾರಿ ಹಿಡಿದಿದೆ. ಹಳಗನ್ನಡದ ಪಳ್ಳಿಗೆ ಸಣ್ಣ ಊರು, ಜೈನರ ನೆಲೆ ಎರಡೂ ಅರ್ಥಗಳಿದ್ದವು. ನಾವು ಊರನ್ನು ಉಳಿಸಿಕೊಂಡೆವು. ಇಲ್ಲಿನವರಿಗೆ ದೇವರ ನೆಲೆಯ ಅರ್ಥ ಉಳಿಯಿತು. ಆಲುವದಲ್ಲಿ ಪಳ್ಳಿ ಎಂದರೆ ಮಸೀದಿ ಇಲ್ಲವೇ ಇಗರ್ಜಿ. ಬಂದ ಹೊಸದರಲ್ಲಿ ಮನೆ ಮಾಲೀಕರು "ಪಳ್ಳಿಯ ಹತ್ತಿರ ಇಳಿಯಿರಿ" ಎಂದಾಗ ನಾನು ಹಳ್ಳಿ ಹುಡುಕಿಕೊಂಡು ಎರಡು ಸ್ಟಾಪು ಮುಂದೆ ಹೋಗಿದ್ದೆ.

ಪುರದ ಹುಟ್ಟು ಬೇರೆ. ಹಳ್ಳಿ ಸಾಮಾನ್ಯವಾಗಿ ತಾನಾಗಿ ಬೆಳೆದದ್ದು. ನಾಲ್ಕು ಒಕ್ಕಲು ಬಂದು ನಿಂತ ಮೇಲೆ ಅಕ್ಕಪಕ್ಕದವರು ಕರೆದ ಹೆಸರು ಅದು. ಪುರವನ್ನು ಯಾರೋ ಒಬ್ಬರು ಮಾಡಿರುತ್ತಾರೆ, ಹೆಚ್ಚಿನಂಶ ದಾನಪತ್ರ ಬರೆಸಿ. ಹೊಯ್ಸಳರ ದಂಡನಾಯಕ ಸೋಮನಾಥ ಕಾವೇರಿಯ ದಡದಲ್ಲಿ 13ನೇ ಶತಮಾನದಲ್ಲಿ ಅಗ್ರಹಾರ ಮಾಡಿಸಿ ತನ್ನ ಹೆಸರನ್ನೇ ಇಟ್ಟ, ಅದು ಸೋಮನಾಥಪುರ. ನಾನು ಹೊರಟಿದ್ದ ಊರಿನ ಪುರಕ್ಕೆ ಅನಂತನ ಹೆಸರಿದೆ. ಹಾಗಾಗಿ ಪುರ ಕಂಡಾಗ ಯಾರ ಪುರ ಎಂದು ಕೇಳಬೇಕು. ನಮ್ಮೂರು ಹನುಮಂತಪುರವಾದರೆ ಇನ್ನು ಐವತ್ತು ವರ್ಷಕ್ಕೆ ಯಾರೋ ನನ್ನಂಥವರು ಬಂದು, ಹನುಮಂತರಾಯನಿಗೆ ದತ್ತಿಬಿಟ್ಟ ಊರು ಎಂದು ಬರೆದುಕೊಂಡು ಹೋಗುತ್ತಾರೆ.

ಕಾಯಂಕುಳಂ, ಕರುನಾಗಪ್ಪಳ್ಳಿ, ಕೊಲ್ಲಂ ಕಳೆದವು. ವರ್ಕಲದ ನಂತರ ಸ್ವಲ್ಪ ಹೊತ್ತಿಗೆ ಒಂದು ಬೋರ್ಡು ಬಂತು: ಚಿರಯಿನ್‌ಕೀಳ್. ಎಷ್ಟೋ ಸಲ ನೋಡಿದ್ದ ಬೋರ್ಡು. ಅವತ್ತು ಮಾತ್ರ ಅದು ಕನ್ನಡದಲ್ಲಿ ಕೇಳಿಸಿತು: ಕೆರೆಯ ಕೆಳಗೆ.

ಇ, ಎ ಸ್ವರಗಳ ಮುಂದೆ ಕನ್ನಡದ ಕಕಾರಕ್ಕೆ ತಮಿಳು, ಮಲಯಾಳದಲ್ಲಿ ಸಾಮಾನ್ಯವಾಗಿ ಚಕಾರ ಸಿಗುತ್ತದೆ. ನಮ್ಮ ಕಿವಿ ಅವರ ಚೆವಿ. ನಮ್ಮ ಕೇರಿ ಅವರ ಚೇರಿ. ಕಳಮಶ್ಶೇರಿಯ ಬಾಲ ಅದೇ. ನಮ್ಮ ಕೆರೆ ಅವರ ಚಿರ. ಆದರೆ ಮಲಯಾಳದ ಚಿರ ಮೊದಲಿಗೆ ನೀರಲ್ಲ, ನೀರನ್ನು ತಡೆದ ಮಣ್ಣಿನ ಒಡ್ಡು. ಕನ್ನಡದಲ್ಲಿ ಒಡ್ಡಿನ ಹೆಸರು ಅದು ತಡೆದ ನೀರಿಗೆ ದಾಟಿದೆ, ಒಡ್ಡಿಗೆ ನಾವು ಏರಿ ಎನ್ನುತ್ತೇವೆ. ತಮಾಷೆಯೆಂದರೆ ತಮಿಳಿನಲ್ಲಿ ಏರಿ ಎಂದರೇ ಕೆರೆ. ಒಡ್ಡು ಮತ್ತು ನೀರು ಒಂದನ್ನು ಬಿಟ್ಟು ಇನ್ನೊಂದಿಲ್ಲ ಎನ್ನುವುದು ಈ ಅದಲುಬದಲಿನಲ್ಲೇ ಇದೆ. ಕೆರೆ ಅಗೆದು ಮಾಡಿದ ಗುಂಡಿಯಲ್ಲ. ಇಳಿಜಾರಿಗೆ ಅಡ್ಡ ಮಣ್ಣು ಹಾಕಿ ಮಳೆನೀರು ನಿಲ್ಲಿಸಿದ್ದು. ಅರಸೀಕೆರೆ, ತರೀಕೆರೆ, ದಾವಣಗೆರೆ ಎಂಬ ಹೆಸರುಗಳು ನಮ್ಮ ಒಣ ಬಯಲಲ್ಲಿ ಅಷ್ಟೊಂದು ಇರುವುದು ಅದಕ್ಕೇ. (ದಾವಣಗೆರೆಯ ಗೆರೆಯೂ ಕೆರೆಯೇ, ಆದೇಶ ಸಂಧಿ, ಗೀಟು ಎಳೆದ ಗೆರೆಯಲ್ಲ.) ಪೆರಿಯಾರ್ ಮನೆಬಾಗಿಲಲ್ಲಿ ಹರಿಯುವ ಆಲುವದಲ್ಲಿ ಹೊಳೆ ದಾಟಿದರೆ ಸಿಗುವುದು ತೋಟ್ಟಕ್ಕಾಟ್ಟುಕರ. ಅಲ್ಲಿನ ಬಾಲ ಕರ, ಅಂದರೆ ದಡ.

ಕೆರೆಯ ಕೆಳಗೆ ಎನ್ನುವ ಮಾತು ನನ್ನನ್ನು ನೇರ ಹೊಸಹಳ್ಳಿಗೆ ಕರೆದುಕೊಂಡು ಹೋಯಿತು.

ಹಳ್ಳಿ, ಪುರ, ಕೆರೆ ಹೆಸರಿನ ಬಾಲದಲ್ಲಿ ಬಂದು ಊರು ಎಂಥದು ಎನ್ನುತ್ತವೆ. ಹೊಸ ಮುಂದೆ ಬರುತ್ತದೆ, ಮತ್ತು ಒಂಟಿಯಾಗಿ ಅದಕ್ಕೆ ಅರ್ಥವಿಲ್ಲ. ಯಾವುದಕ್ಕಿಂತ ಹೊಸದು? ಎಷ್ಟು ವರ್ಷ ಹೊಸದು ಎಂದೂ ಅದು ಹೇಳುವುದಿಲ್ಲ. ಕೊಚ್ಚಿಯ ಪಕ್ಕದ ಪುದುವೈಪ್ಪ್ 1341ರ ಪೆರಿಯಾರ್ ಪ್ರವಾಹ ಹೂಳು ತಂದು ಹಾಕಿ ಆದ ನೆಲ ಎನ್ನುತ್ತಾರೆ. ಹೆಸರಿನ ಅರ್ಥವೂ ಹೊಸದಾಗಿ ಇಟ್ಟದ್ದು ಎಂದೇ. ಆರೂವರೆ ಶತಮಾನ ಕಳೆದರೂ ಅದು ಹೊಸದೇ. ಪೊಸ ಹೊಸವಾಯಿತಲ್ಲ, ಆ ಧ್ವನಿಯಿಂದ ಕಾಲ ಹೇಳಬಹುದೇ ಎಂದರೆ ಅದೂ ಆಗದು. ಹಳೆಯ ಹೆಸರುಗಳೂ ಮಾತಿನ ಜೊತೆ ಬದಲಾಗುತ್ತಾ ಬಂದಿರುತ್ತವೆ. ನೆಲವನ್ನೇ ನೋಡಬೇಕು.

ಎಂಎ ಓದುವಾಗ ನಾನು ನೋಡದೆಯೇ ಬರೆದಿದ್ದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು, ಜನ ಊರು ಬಿಟ್ಟರು, ನಮ್ಮದೂ ಹಾಗೆ ಆದ ಹೊಸಹಳ್ಳಿ ಎಂದು ಕಿರುಪ್ರಬಂಧದಲ್ಲಿ ಧೈರ್ಯವಾಗಿ ಹಾಕಿದ್ದೆ. ಒಳ್ಳೆಯ ಅಂಕವೂ ಬಂತು. ರಜೆಗೆ ಹೋದಾಗ ಓದಿ ಹೇಳಿದರೆ ಅಜ್ಜಿ ನಕ್ಕರು. "ಪ್ಲೇಗಿಗೆ ಗುಡಿಸಲು ಹಾಕ್ಕೊಂಡೋರು ತಿರುಗಿ ಮನೆಗೆ ಬಂದ್ರು ಕಣೇ. ಹಳೇ ಊರು ಬಿಟ್ಟಿದ್ದು ನೀರಿಗೆ."

ಮಾರನೇ ದಿನ ಮಾವನೇ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದರು. ಊರಿನಿಂದ ಮುಕ್ಕಾಲು ಮೈಲಿ ಇಳಿದರೆ ಗಿಡಗಂಟಿ ಬೆಳೆದ ಉದ್ದನೆಯ ದಿಬ್ಬ. ಅದು ಏರಿ. ನಡುವೆ ಒಂದು ಕಡೆ ಕಿತ್ತುಹೋಗಿದೆ, ಮಳೆ ಬಂದರೆ ಹಳ್ಳ ಅದರೊಳಗೇ ಹರಿಯುತ್ತದೆ. ಆ ಬಾಯಿಯಿಂದ ಕೆಳಕ್ಕೆ ಬೀಸಣಿಗೆಯಂತೆ ಮರಳು ಹರಡಿದ ಹೊಲ, ಆಚೀಚೆಯೆಲ್ಲ ಎರೆಮಣ್ಣು. ಮರಳಿನ ಅಂಚಿನಲ್ಲಿ ಬೂದಿಬಣ್ಣದ ಮಣ್ಣು, ಮಡಕೆಚೂರು, ಒಂದು ಒರಳುಕಲ್ಲು, ನಾಲ್ಕು ಮುದಿ ಹುಣಸೆಮರ. ಊರು ಕೆರೆಯ ಕೆಳಗಿತ್ತು. ಏರಿ ಒಡೆಯಿತು. ಉಳಿದವರು ಎತ್ತರಕ್ಕೆ ಹೋಗಿ ಮನೆ ಕಟ್ಟಿಕೊಂಡರು, ಅಷ್ಟೆ.

ಹಳೇ ಊರಿನ ಹೆಸರು ಕಂದಾಯದ ನಕ್ಷೆಯಲ್ಲಿ ಇಂದಿಗೂ ಇದೆ: ಬಿದರಗೆರೆ, ಬೇಚರಾಕ್ ಗ್ರಾಮ. ಜನರಿಲ್ಲದ ಊರಿಗೆ ದಫ್ತರದವರು ಬಳಸುವ ಈ ಮಾತು ಪಾರಸಿಯಿಂದ ಬಂದದ್ದು, ಚಿರಾಗ್ ಇಲ್ಲದ್ದು, ದೀಪ ಹಚ್ಚುವವರಿಲ್ಲದ್ದು. ನೀರು ನಿಲ್ಲದ ಆ ಕೆರೆಯ ಅಂಗಳದಲ್ಲಿ ಈಗ ಸೈಟು ಮಾಡುವ ಮಾತು ನಡೆಯುತ್ತಿದೆ. ಒಡೆದ ಬಾಯಿಯ ಎದುರಿನ ಮರಳುಹೊಲವೂ ಅದರೊಳಗೆ ಸೇರಿದೆಯಂತೆ.

ತಿರುವನಂತಪುರದಲ್ಲಿ ಇಳಿದವಳು ಪ್ಲಾಟ್‌ಫಾರ್ಮಿನಲ್ಲೇ ನಿಂತು ಮಾವನಿಗೆ ಫೋನು ಮಾಡಿದೆ. "ಮಾವ, ಅರ್ಜಿ ಬರೆದುಕೊಡ್ತೀನಿ. ಆದರೆ ಪುರ ಬೇಡ, ಬಿದರಗೆರೆ ಹೊಸಹಳ್ಳಿ ಅಂತ ಕೇಳಿ. ಕೊರಿಯರ್ ಸರಿಯಾಗಿ ಬರುತ್ತೆ."

"ಹಾಳೂರ ಹೆಸರು ಇಟ್ಕೊಂಡ್ರೆ ಒಳ್ಳೇದಲ್ಲ ಅಂತಾರೆ ಪುಟ್ಟಿ."

"ಸೈಟು ಮಾಡ್ತಿರೋದು ಆ ಏರಿ ಬಾಯಲ್ಲೇ ಅಲ್ವಾ ಮಾವ?"

ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಟ್ರ್ಯಾಕ್ಟರಿನ ಸದ್ದು ಕೇಳುತ್ತಿತ್ತು. "ಹೂಂ. ನಮ್ಮುಡುಗನೂ ಎರಡಕ್ಕೆ ಅಡ್ವಾನ್ಸ್ ಕೊಟ್ಟವ್ನೆ" ಎಂದರು. ಆಮೇಲೆ, ನಕ್ಷೆಯ ಪ್ರತಿ ಎಲ್ಲಿ ಸಿಗುತ್ತೆ, ನಾಡಕಚೇರಿಯಲ್ಲೋ ಸರ್ವೆ ಆಫೀಸಿನಲ್ಲೋ ಎಂದು ಕೇಳಿದರು.