ಕಬ್ಬಿನ ಬಿಲ್ಲೂ ಜೂನ್ ತಿಂಗಳ ಫೀಯೂ

ಹಳಿಯಾಳದ ಕಡೆ ಕಬ್ಬು ನಂಬಿದವರ ಕೈಗೆ ದುಡ್ಡು ಬರುವುದು ಕಾರ್ಖಾನೆ ನುರಿಸಲು ಶುರುಮಾಡಿದ ಮೇಲೆ, ಚಳಿಗಾಲದಲ್ಲಿ. ಶಾಲೆ ಫೀ ಕೇಳುವುದು ಜೂನ್‌ನಲ್ಲಿ. ಬೀಜ, ಗೊಬ್ಬರಕ್ಕೂ ಆಗಲೇ ಸುರಿಯಬೇಕು. ಜೋಯಿಡಾದಲ್ಲಿ ಪ್ರವಾಸಿಗರನ್ನು ನಂಬಿ ಜೀಪು ಓಡಿಸುವವರಿಗೂ ಮಳೆಗಾಲವೆಂದರೆ ಕೈ ಖಾಲಿ. ಆದಾಯ ಪ್ರಮಾಣಪತ್ರ ಇದ್ಯಾವುದನ್ನೂ ಹೇಳುವುದಿಲ್ಲ. ಅದರಲ್ಲಿರುವುದು ವರ್ಷದ ಒಂದೇ ಅಂಕಿ.

ನಮ್ಮ ಓಣಿಯ ರೈತರೊಬ್ಬರು ಮಗಳ ಫೀ ರಿಯಾಯಿತಿಗೆ ಅರ್ಜಿ ಬರೆಸಲು ಬಂದಾಗ ಮೊದಲು ಹೇಳಿದ್ದು ಇಷ್ಟು: "ಸರ, ಭಾಳ ಬಡವರದೀವಿ ಅಂತ ಛಲೋತ್ನಾಗಿ ಬರೀರಿ."

"ಬಡತನ ನಾಡಕಚೇರಿ ಕಾಗದ ಹೇಳ್ತೈತ್ರಿ. ಎಷ್ಟು ಕಟ್ತೀರಿ, ಯಾವಾಗ ಕಟ್ತೀರಿ, ಅದನ್ನ ಹೇಳ್ರಿ" ಅಂದೆ.

ವರ್ಷದ ಫೀ 24,000 ರೂಪಾಯಿ. ಲೆಕ್ಕ ಹಾಕುತ್ತ ಕೂತೆವು. 6,000 ಬಿಡಬೇಕೆಂಬುದು ಕೋರಿಕೆ. ಈಗ 4,000, ಜನವರಿಯಲ್ಲಿ 7,000, ಮಾರ್ಚ್‌ನಲ್ಲಿ 7,000. ಪತ್ರದ ಮೊದಲ ಪ್ಯಾರಾದಲ್ಲೇ ಇದು ಬಂತು. ಪ್ರಾಂಶುಪಾಲರು ಸಾಮಾನ್ಯವಾಗಿ ತಾವೊಬ್ಬರೇ ರಿಯಾಯಿತಿ ಕೊಡಲಾರರು, ಆಡಳಿತ ಮಂಡಳಿಯ ಮುಂದಿಡಬೇಕು. ಅಲ್ಲಿ ಕೂತವರಿಗೆ ಕಣ್ಣೀರಿಗಿಂತ ಕಂತಿನ ತಾರೀಖು ಬೇಗ ಅರ್ಥವಾಗುತ್ತದೆ.

ಅವರ ಹತ್ತಿರ ಮೂರು ವರ್ಷದ ಹಿಂದಿನ ಆದಾಯ ಪ್ರಮಾಣಪತ್ರವಿತ್ತು. ಐದು ವರ್ಷ ನಡೆಯುತ್ತದೆ, ನಿಜ. ಆದರೆ ಅದು ಹೆಂಡತಿಯ ಆಪರೇಷನ್‌ಗೆ ಎಕರೆ ಹೊಲ ಮಾರುವ ಮುಂಚಿನದು. ಹಾಗಾಗಿ ಹೊಸದಕ್ಕೆ ಅರ್ಜಿ ಹಾಕಿಸಿದೆ. ಅದರ ಮೇಲೆ ಆರ್‌ಡಿ ಸಂಖ್ಯೆ ಇರುತ್ತದೆ. ಅನುಮಾನವಿದ್ದವರು ನಾಡಕಚೇರಿಯ ಜಾಲತಾಣದಲ್ಲಿ ಹಾಕಿ ನೋಡಿಕೊಳ್ಳಬಹುದು. ಜೊತೆಗೆ ಈಗಿನ ಪಹಣಿ, ಹೋದ ಹಂಗಾಮಿನ ಕಬ್ಬಿನ ಬಿಲ್ಲು, ಆ ದುಡ್ಡು ಜಮಾ ಆದ ಪಾಸ್‌ಬುಕ್ ಪುಟ. ಕಂತಿಗೆ ಜನವರಿಯೇ ಏಕೆಂದು ಈ ಪುಟದ ತಾರೀಖೇ ಹೇಳುತ್ತಿತ್ತು. ಹೋದ ವರ್ಷದ ಫೀ ರಸೀದಿಯನ್ನೂ ಇಟ್ಟೆವು, ಬಾಕಿ ಉಳಿಸಿಕೊಳ್ಳುವವರಲ್ಲ ಎಂಬುದಕ್ಕೆ.

ಆಸ್ಪತ್ರೆಯ ಕಾಗದ ಬಂದಾಗ ಅವರ ಕೈ ತಡೆಯಿತು. ಹುಬ್ಬಳ್ಳಿಯ ಡಿಸ್ಚಾರ್ಜ್ ಸಮ್ಮರಿಯಲ್ಲಿ ಹೆಂಡತಿಯ ರೋಗ, ಆಪರೇಷನ್ ಎಲ್ಲವೂ ಬಿಡಿಬಿಡಿಯಾಗಿತ್ತು. ಶಾಲೆಯ ಗುಮಾಸ್ತರು ಊರಿನವರೇ. "ಇದನ್ನ ಯಾರ್ಯಾರೋ ಓದತಾರಲ್ಲರಿ" ಅಂದರು. ಮಂಡಳಿಗೆ ಬೇಕಿದ್ದುದು ಖರ್ಚು, ಕಾಯಿಲೆಯಲ್ಲ. ಒಟ್ಟು ಮೊತ್ತವಿದ್ದ ಬಿಲ್ಲಿನ ಕೊನೆಯ ಹಾಳೆಯನ್ನಷ್ಟೇ ಜೆರಾಕ್ಸ್ ಮಾಡಿಸಿದೆವು. ಪತ್ರದಲ್ಲಿ "ಮನೆಯಲ್ಲಿ ಶಸ್ತ್ರಚಿಕಿತ್ಸೆಯ ಖರ್ಚು ಬಂದ ಕಾರಣ" ಎಂದು ಒಂದೇ ಸಾಲು. ಮಗಳ ಅಂಕಪಟ್ಟಿಯನ್ನು ಇಡಲು ನನಗೆ ಮನಸ್ಸಿರಲಿಲ್ಲ: ನೂರಕ್ಕೆ ಐವತ್ತು ತೆಗೆದವಳ ಅಪ್ಪನಿಗೂ ಕಬ್ಬಿನ ಬಿಲ್ಲು ಜನವರಿಗೇ ಬರುವುದು. ಅವರು ಕೇಳಲಿಲ್ಲ, ಇಟ್ಟೇಬಿಟ್ಟರು.

ಪತ್ರ ಒಂದೇ ಪುಟ, ಕೆಳಗೆ ಲಗತ್ತುಗಳ ಪಟ್ಟಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸ್ವೀಕೃತಿಯ ಸಹಿ, ಮೊಹರು, ತಾರೀಖು ಹಾಕಿಸಿಕೊಂಡು ಬಂದರು. ಬಾಯಿಮಾತಲ್ಲಿ "ನೋಡೋಣ" ಅನ್ನಿಸಿಕೊಂಡು ಬಂದವರಿಗೆ ಆಮೇಲೆ ಕೇಳಲು ಆಧಾರವಿರುವುದಿಲ್ಲ.

ಮಂಡಳಿ 6,000 ಬಿಡಲಿಲ್ಲ, 4,000 ಬಿಟ್ಟಿತು. ಉಳಿದ ಎರಡು ಸಾವಿರ ಮಾರ್ಚ್ ಕಂತಿಗೆ ಸೇರಿತು. ಕಂತಿನ ತಾರೀಖುಗಳನ್ನು ಮಾತ್ರ ಕೇಳಿದ ಹಾಗೆಯೇ ಒಪ್ಪಿ, ಫೀ ಕಾರ್ಡಿನ ಮೇಲೆ ಬರೆದುಕೊಟ್ಟರು.